ಗೆಳತಿಯ ಹುಟ್ಟುಹಬ್ಬ ಮರೆತುಹೋಯ್ತು, ಹನ್ನೆರಡು ದಿನ ಆಗಿದೆ. ಸೀರೆ ಜೊತೆ ಇಡೋ ಚೀಟಿ ಹೇಗೆ ಬರೀಲಿ?

ಕಾವೇರಿ_ಮೈಸೂರು
ಎಲ್ಲರಿಗೂ ನಮಸ್ಕಾರ. ನನ್ನ ಗೆಳತಿ ಸಾಗರದಲ್ಲಿ ಟೀಚರ್. ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ರೂಮಲ್ಲಿದ್ವಿ, ಆಮೇಲೆ ಇಷ್ಟು ವರ್ಷದಲ್ಲಿ ಒಂದು ಸಲವೂ ಮಾತು ಬಿಟ್ಟಿಲ್ಲ. ನನ್ನ ಹುಟ್ಟುಹಬ್ಬಕ್ಕೆ ಅವಳು ಬೆಳಿಗ್ಗೆ ಆರಕ್ಕೇ ಫೋನ್ ಮಾಡ್ತಾಳೆ, ಒಂದು ವರ್ಷವೂ ತಪ್ಪಿಸಿಲ್ಲ. ಜುಲೈ 4ಕ್ಕೆ ಅವಳಿಗೆ 38 ತುಂಬ್ತು. ನನಗೆ ಮರೆತೇ ಹೋಯ್ತು. ನಿನ್ನೆ, 15ನೇ ತಾರೀಖು ನೆನಪಾಯ್ತು. ರಾತ್ರಿ ನಿದ್ದೆ ಬರಲಿಲ್ಲ.

ಇವತ್ತು ಒಂದು ಇಳಕಲ್ ಸೀರೆ ತಂದೆ. ಅದರ ಜೊತೆ ಇಡೋಕೆ ಬರೆದಿರೋ ಚೀಟಿ ಇದು. ಓದಿದ್ರೆ ಏನೋ ಸರಿ ಇಲ್ಲ ಅನ್ಸುತ್ತೆ, ಏನು ಅಂತ ಗೊತ್ತಾಗ್ತಿಲ್ಲ. ದಯವಿಟ್ಟು ನೋಡಿ ಹೇಳಿ.

"ಪ್ರೀತಿಯ ಗೆಳತಿ, ಹುಟ್ಟುಹಬ್ಬದ ತಡವಾದ ಶುಭಾಶಯಗಳು. ಮಾವನ ಆಪರೇಷನ್ನು, ಆಫೀಸಿನ ಆಡಿಟ್ಟು, ಮಗನ ಸ್ಕೂಲು ಅಂತ ಓಡಾಟದಲ್ಲಿ ಈ ಸಲ ನಿನ್ನ ಹುಟ್ಟುಹಬ್ಬ ಮರೆತೇ ಹೋಯ್ತು. ನಿನಗೆ ಬೇಜಾರಾಗಿದ್ರೆ ಕ್ಷಮಿಸಿಬಿಡು. ನೀನು ಅರ್ಥ ಮಾಡ್ಕೋತೀಯ ಅಂತ ನಂಗೊತ್ತು. ತಪ್ಪಿಗೆ ಪ್ರಾಯಶ್ಚಿತ್ತವಾಗಿ ಈ ಸೀರೆ. ಉಟ್ಕೊಂಡು ಫೋಟೋ ಕಳಿಸು, ಆಗ ನೀನು ಕ್ಷಮಿಸಿದೀಯ ಅಂತ ತಿಳ್ಕೋತೀನಿ."

ಡಲ್ಲಾಸ್_ದೋಸೆ
ಚೆನ್ನಾಗೇ ಇದೆಯಲ್ಲ! ಕಳಿಸಿಬಿಡಿ. ಇಷ್ಟು ಹಳೇ ಸ್ನೇಹದಲ್ಲಿ ಯಾರು ತಾರೀಖು ಲೆಕ್ಕ ಇಟ್ಕೋತಾರೆ?

ಶರಾವತಿ
ಇಟ್ಕೋತಾರೆ. ನಾನು ಮರೆಸಿಕೊಂಡವಳ ಕಡೆಯಿಂದ ಹೇಳ್ತೀನಿ. ಅವತ್ತು ರಾತ್ರಿ ಹನ್ನೊಂದೂವರೆ ತನಕ ಫೋನ್ ಪಕ್ಕದಲ್ಲೇ ಇಟ್ಕೊಂಡಿದ್ದೆ. ಮಾರನೇ ದಿನ ನಾನೇ ಏನೂ ಆಗದವಳ ಹಾಗೆ ಅವಳಿಗೆ ಫೋನ್ ಮಾಡಿದೆ. ಮೂರು ವಾರ ಬಿಟ್ಟು ಒಂದು ಬೆಳ್ಳಿ ಕುಂಕುಮದ ಬಟ್ಟಲು ಬಂತು, ಜೊತೆಗೆ ನಿಮ್ಮ ಥರದ್ದೇ ಒಂದು ಚೀಟಿ. "ನೀನು ಅರ್ಥ ಮಾಡ್ಕೋತೀಯ ಅಂತ ಗೊತ್ತು" ಅನ್ನೋ ಸಾಲು ಅದರಲ್ಲೂ ಇತ್ತು. ಓದಿದ ತಕ್ಷಣ ನನಗನಿಸಿದ್ದು, ಇನ್ನು ನಾನು ಬೇಜಾರು ಮಾಡ್ಕೊಂಡ್ರೆ ಅದು ನನ್ನ ಸಣ್ಣತನ ಆಗುತ್ತೆ ಅಂತ. ಆ ಸಾಲು ಮೊದಲು ತೆಗೀರಿ ಕಾವೇರಿ.

ಗಿರ್ಮಿಟ್_ಪ್ರಿಯ
ಅಕ್ಕಾರ, ಸೀರಿ ಯಾವ್ದು ತಗೊಂಡ್ರಿ? ಟೋಪಿ ತೆನಿ ಸೆರಗಿಂದೇನ್ರಿ? ನಮ್ಮ ಅತ್ತಿ ಊರು ಇಳಕಲ್ಲ ಹತ್ರ, ಅದಕ್ಕ ಕೇಳಿದೆ.

ಕಾವೇರಿ_ಮೈಸೂರು
ಹೌದು, ಕೆಂಪು ಸೆರಗು, ಬಿಳಿ ತೆನೆ. ಒಡಲು ಗಾಢ ಹಸಿರು, ಕಾಟನ್ ಸಿಲ್ಕ್. ಆದ್ರೆ ಚೀಟಿ ಬಗ್ಗೆ ಹೇಳಿ ಪ್ಲೀಸ್.

ಸಂಪಿಗೆಮರ
ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ಹಾಗಾಗಿ ನನ್ನ ಕಣ್ಣು ಮೊದಲು ಹೋಗೋದು ಕ್ರಿಯಾಪದಕ್ಕೆ. ಶೀರ್ಷಿಕೆಯಲ್ಲಿ ಒಂದು ಸಲ, ಪೋಸ್ಟಿನಲ್ಲಿ ಒಂದು ಸಲ, ಚೀಟಿಯಲ್ಲಿ ಒಂದು ಸಲ, ಮೂರು ಕಡೆಯೂ "ಮರೆತುಹೋಯ್ತು" ಅಂತಲೇ ಬರೆದಿದ್ದೀರಿ ತಾಯಿ. ಒಂದು ಕಡೆಯೂ "ನಾನು ಮರೆತೆ" ಅಂತಿಲ್ಲ.

ನಮ್ಮ ಭಾಷೆಯಲ್ಲಿ ಇದೊಂದು ದೊಡ್ಡ ಅನುಕೂಲ. ಹಾಲು ಉಕ್ಕಿಹೋಯ್ತು, ಲೋಟ ಒಡೆದುಹೋಯ್ತು, ಬಸ್ಸು ತಪ್ಪಿಹೋಯ್ತು. ಎಲ್ಲ ತಾನಾಗೇ ಆದದ್ದು, ಯಾರೂ ಮಾಡಿದ್ದಲ್ಲ. ಮನೆಮಾತಿನಲ್ಲಿ ಇದು ತಪ್ಪೇನಲ್ಲ, ನಾನೂ ದಿನಾ ಹಾಗೇ ಮಾತಾಡ್ತೀನಿ. ಆದರೆ ಕ್ಷಮೆ ಕೇಳೋ ಚೀಟಿಯಲ್ಲಿ "ನನಗೆ ಮರೆತುಹೋಯ್ತು" ಅಂದರೆ ಮರೆವು ಎಲ್ಲಿಂದಲೋ ಬಂದು ನಿಮ್ಮ ಮೇಲೆ ಬಿತ್ತು, ನೀವು ಪಾಪ ಅಲ್ಲೇ ನಿಂತಿದ್ದಿರಿ ಅಂತ ಆಗುತ್ತೆ. "ನಾನು ಮರೆತೆ" ಅಂತ ಬರೆದು ನೋಡಿ. ಎರಡೇ ಪದ. ಬರೆಯೋವಾಗ ಕೈ ಒಂದು ಕ್ಷಣ ನಿಲ್ಲುತ್ತೆ.

"ಬೇಜಾರಾಗಿದ್ರೆ" ಅನ್ನೋದರಲ್ಲೂ ಇದೇ ಕಥೆ. ಆ "ರೆ" ಒಂದಿದೆಯಲ್ಲ, ಅದು ಅವರ ನೋವನ್ನೇ ಅನುಮಾನ ಮಾಡುತ್ತೆ.

ಕುಡ್ಲದ_ಮೀನು
ಮೇಷ್ಟ್ರೇ, ಇದು ಸ್ವಲ್ಪ ಅತಿ ಆಯ್ತು ಮಾರಾಯ್ರೆ. ಗೆಳತಿ ಚೀಟಿ ಓದುವಾಗ ವ್ಯಾಕರಣ ನೋಡ್ತಾರಾ?

ಸಂಪಿಗೆಮರ
ನೋಡೋದಿಲ್ಲ. ಆದರೆ ಅದು ತಾಗುತ್ತೆ. ಶರಾವತಿಯವರಿಗೆ "ಅರ್ಥ ಮಾಡ್ಕೋತೀಯ" ಅನ್ನೋದು ತಾಗಿದ ಹಾಗೆ.

ಪಂಚಾಂಗದ_ಪುಟ
ನನ್ನದೊಂದು ಉಪಾಯ. ನಮ್ಮ ಸಂಪ್ರದಾಯದಲ್ಲಿ ಹುಟ್ಟುಹಬ್ಬ ತಿಥಿ ಪ್ರಕಾರ, ಇಂಗ್ಲಿಷ್ ತಾರೀಖಿನ ಪ್ರಕಾರ ಅಲ್ಲ. ತಿಥಿ ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದೆ ಸರೀತದೆ, ಅಧಿಕ ಮಾಸ ಬಂದರೆ ಮುಂದಕ್ಕೆ ಹೋಗ್ತದೆ. ಅವರ ತಿಥಿ ಇನ್ನೂ ಬಂದೇ ಇರ್ಲಿಕ್ಕಿಲ್ಲ! "ತಿಥಿ ಪ್ರಕಾರ ಶುಭಾಶಯ" ಅಂತ ಬರೆದರೆ ಲೇಟ್ ಅನ್ನೋ ಪ್ರಶ್ನೆಯೇ ಇಲ್ಲ.

ಅಂಚೆಯಣ್ಣ
ಭಟ್ರೇ, ಹನ್ನೊಂದು ದಿನದ ಲೆಕ್ಕ ಸರಿ. ಆದರೆ ವಯಸ್ಸು ನೋಡಿದಿರಾ? 38. ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿಯೂ ತಾರೀಖೂ ಮತ್ತೆ ಒಂದೇ ಕಡೆ ಬರ್ತವೆ, ಹೆಚ್ಚಂದ್ರೆ ಒಂದು ದಿನ ಆಚೀಚೆ. 19ಕ್ಕೆ ಒಂದ್ಸಲ, 38ಕ್ಕೆ ಇನ್ನೊಂದ್ಸಲ, 57ಕ್ಕೆ ಮತ್ತೊಂದ್ಸಲ. ನನ್ನ 57ಕ್ಕೆ ನಮ್ಮಮ್ಮ ಎರಡೂ ಒಂದೇ ದಿನ ಬಂತು ಅಂತ ಎರಡು ಥರ ಪಾಯಸ ಮಾಡಿದ್ರು. ಕಾವೇರಿಯವರ ಗೆಳತಿಯ ಹುಟ್ಟಿದ ತಿಥಿಯೂ ಜುಲೈ 4ರ ಅಕ್ಕಪಕ್ಕವೇ ಬಂದು ಹೋಗಿರುತ್ತೆ.

ಪಂಚಾಂಗದ_ಪುಟ
ಅದು ನನಗೆ ಹೊಳೆಯಲಿಲ್ಲ. ಒಪ್ಪಿದೆ.

ಶರಾವತಿ
ತಿಥಿ ಬಂದಿಲ್ಲ ಅಂತಲೇ ಇಟ್ಕೊಳ್ಳಿ. ಇಷ್ಟು ವರ್ಷ ತಾರೀಖಿಗೇ ವಿಶ್ ಮಾಡಿ ಈ ವರ್ಷ ಮಾತ್ರ ತಿಥಿ ಅಂದ್ರೆ ಅವರಿಗೆ ಗೊತ್ತಾಗಲ್ವಾ?

ನಾಗರಬಾವಿ_ನಿವಾಸಿ
ಕೊರಿಯರ್‌ನವರು ಲೇಟ್ ಮಾಡಿದ್ರು ಅಂತ ಹೇಳಿಬಿಡಿ. ಸಿಂಪಲ್.

ಅಂಚೆಯಣ್ಣ
ಪಾರ್ಸಲ್ ಮೇಲೆ ಅಂಟಿಸೋ ಲೇಬಲ್ಲಿನಲ್ಲಿ ಬುಕ್ ಮಾಡಿದ ತಾರೀಖು ಅಚ್ಚಾಗಿರುತ್ತೆ. ಅವರ ಕೈಗೆ ಮೊದಲು ಸಿಗೋದೇ ಅದು. ಸುಳ್ಳು ಹೇಳಿ ಸಿಕ್ಕಿಬಿದ್ರೆ ಆಮೇಲೆ ಯಾವ ಚೀಟಿಯೂ ನಿಮ್ಮನ್ನ ಕಾಪಾಡಲ್ಲ. ಸಿಕ್ಕಿಬೀಳದಿದ್ರೂ ಬೇಡ.

ಮಲ್ಲಿಗೆ_ಮೊಳ
ನನ್ನ ಗಂಡ ಮೂರು ವರ್ಷದಿಂದ ನನ್ನ ಹುಟ್ಟುಹಬ್ಬ ಮರೀತಿದ್ದಾರೆ. ಅವರಿಂದ ಕ್ಷಮೆ ಪತ್ರ ಬರೆಸೋದು ಹೇಗೆ ಅಂತ ಯಾರಾದ್ರೂ ಹೇಳ್ತೀರಾ? ಇಲ್ಲಿ ಅದೇ ಚರ್ಚೆ ಅಂದುಕೊಂಡು ಬಂದೆ.

ಕುಡ್ಲದ_ಮೀನು
ಅಕ್ಕಾ, ಇದು ಮರೆತವರು ಬರೆಯೋ ಚೀಟಿ. ಬೇರೆ ಥ್ರೆಡ್ ಶುರು ಮಾಡಿ, ನಾವೆಲ್ಲ ಬರ್ತೇವೆ.

ನೆನಪಿನ_ಡಬ್ಬಿ
ಕಾವೇರಿ, ಒಂದು ಪ್ರಶ್ನೆ. 4ನೇ ತಾರೀಖು ನೀವು ಅವರ ಜೊತೆ ಮಾತಾಡಿದ್ರಾ? ಮೆಸೇಜು ಏನಾದ್ರೂ? ಮತ್ತೆ ನಿನ್ನೆ ಇದ್ದಕ್ಕಿದ್ದ ಹಾಗೆ ನೆನಪಾಗಿದ್ದು ಹೇಗೆ? ಹೇಳಲೇಬೇಕು ಅಂತೇನಿಲ್ಲ, ಆದ್ರೆ ಚೀಟಿಯಲ್ಲಿ ಏನಿರಬೇಕು ಅನ್ನೋದು ಅಲ್ಲೇ ಸಿಗಬಹುದು ಅಂತ ನನಗೆ ಅನುಮಾನ.

ಕಾವೇರಿ_ಮೈಸೂರು
ಇದನ್ನ ಬರೆಯೋಕೆ ಒಂದು ಗಂಟೆ ತಗೊಂಡೆ.

ಮಾತಾಡಿದ್ದೆ. 4ನೇ ತಾರೀಖು ಬೆಳಿಗ್ಗೆ 9:12ಕ್ಕೆ ನಾನೇ ಮೆಸೇಜು ಮಾಡಿದ್ದೆ, ಮಗನ ಟಿಸಿ ಕೊಡೋಕೆ ಸ್ಕೂಲಿನವರು ಸತಾಯಿಸ್ತಿದ್ರು, ಏನು ಮಾಡೋದು ಅಂತ ಕೇಳೋಕೆ. ಅವಳು ಕ್ಲಾಸಿನಿಂದ ಆಚೆ ಬಂದು ನಾಲ್ಕು ನಿಮಿಷದ ವಾಯ್ಸ್ ಮೆಸೇಜು ಕಳಿಸಿದ್ಲು. ಅರ್ಜಿ ಯಾರ ಹೆಸರಿಗೆ ಬರೀಬೇಕು, ಏನೇನು ಜೆರಾಕ್ಸ್ ಇಟ್ಕೋಬೇಕು, ಸ್ವೀಕೃತಿ ಸೀಲು ಹಾಕಿಸ್ಕೊಳ್ಳದೆ ಬರಬೇಡ, ಎಲ್ಲ ಹೇಳಿದ್ಲು. ನಾನು "ಥ್ಯಾಂಕ್ಸ್ ಕಣೇ" ಅಂತ ಹಾಕಿ ಮುಗಿಸಿದೆ.

ನಿನ್ನೆ ಇನ್ನೊಂದು ಅರ್ಜಿ ಬರೆಯೋಕೆ ಆ ಮೆಸೇಜನ್ನ ಮತ್ತೆ ಹಾಕಿದೆ. ಕೊನೇಲಿ ಹಿಂದೆ ಮಕ್ಕಳ ದನಿ. "ಹ್ಯಾಪಿ ಬರ್ತ್‌ಡೇ ಮಿಸ್" ಅಂತ. ಅವಳು "ಏಯ್ ಒಳಗೆ ಹೋಗ್ರೋ, ಬಂದೆ" ಅಂತ ಹೇಳಿ ಕಟ್ ಮಾಡಿದಾಳೆ. ಅವತ್ತು ಅಷ್ಟು ದೂರ ನಾನು ಕೇಳಿಸ್ಕೊಂಡೇ ಇರಲಿಲ್ಲ. ನನಗೆ ಬೇಕಾದ್ದು ಸಿಕ್ಕ ಕೂಡಲೇ ಮುಂದೆ ಹೋಗಿದ್ದೆ.

ಶರಾವತಿ
ಅಯ್ಯೋ.

ನೆನಪಿನ_ಡಬ್ಬಿ
ಅದೇ ನೋಡಿ. ನಿಮ್ಮ ಚೀಟಿಯಲ್ಲಿ ಇದರ ಸುದ್ದಿಯೇ ಇಲ್ಲ. ಮಾವ ಇದ್ದಾರೆ, ಆಡಿಟ್ ಇದೆ. ಅವರಿಗೆ ನೋವಾಗಿದ್ದರೆ ತಾರೀಖು ಮರೆತದ್ದಕ್ಕಿಂತ ಹೆಚ್ಚಾಗಿ ಅವತ್ತೇ ಕೆಲಸಕ್ಕೆ ನೆನಪು ಮಾಡಿಕೊಂಡಿದ್ದಕ್ಕೆ ಆಗಿರುತ್ತೆ. ನೀವು ಇದನ್ನ ಬರೆಯದೆ ಬರೀ "ಹುಟ್ಟುಹಬ್ಬ ಮರೆತೆ" ಅಂದ್ರೆ ಅವರು ಓದಿ, ಇವಳಿಗೆ ಆ ಮೆಸೇಜಿನ ವಿಷಯ ಇನ್ನೂ ಹೊಳೆದಿಲ್ಲ ಅಂದ್ಕೋತಾರೆ.

ಡಲ್ಲಾಸ್_ದೋಸೆ
ಇಲ್ಲ, ನಾನು ಒಪ್ಪಲ್ಲ. ಅವರು ಗಮನಿಸದೇ ಇದ್ದಿದ್ರೆ? ನೀವೇ ಎತ್ತಿ ತೋರಿಸಿ ಇನ್ನೊಂದು ಗಾಯ ಮಾಡಿದ ಹಾಗಾಗುತ್ತೆ.

ನೆನಪಿನ_ಡಬ್ಬಿ
ಹುಟ್ಟುಹಬ್ಬದ ದಿನ ಬೆಳಿಗ್ಗೆ ಪ್ರಾಣಸ್ನೇಹಿತೆ ಹೆಸರು ಫೋನಲ್ಲಿ ಬಂದ್ರೆ ವಿಶ್ ಅಂದ್ಕೊಂಡೇ ತೆಗೀತಾರೆ ಸ್ವಾಮಿ. ತೆಗೆದು ನೋಡಿದ್ರೆ ಟಿಸಿ. ಗಮನಿಸದೆ ಇರ್ತಾರಾ?

ಸಂಪಿಗೆಮರ
ಡಲ್ಲಾಸ್‌ನವರ ಮಾತು ಪೂರ್ತಿ ತಳ್ಳಿಹಾಕೋ ಹಾಗಿಲ್ಲ. ಒಂದೇ ಸಲ ಹೇಳಬೇಕು, ಎರಡು ಮೂರು ವಾಕ್ಯದಲ್ಲಿ, ಅಷ್ಟಕ್ಕೇ ಬಿಡಬೇಕು. "ನಾನೆಂಥ ಪಾಪಿ, ನನಗೆ ನಿದ್ದೆ ಬರಲಿಲ್ಲ, ಅತ್ತುಬಿಟ್ಟೆ" ಅಂತ ಮುಂದುವರಿಸಿದರೆ ಅವರು ಚೀಟಿ ಮಡಿಸಿಟ್ಟು ನಿಮ್ಮನ್ನ ಸಮಾಧಾನ ಮಾಡೋಕೆ ಕೂರಬೇಕಾಗುತ್ತೆ. ಹುಟ್ಟುಹಬ್ಬವೂ ಹೋಯ್ತು, ಮೇಲೆ ನಿಮ್ಮ ಕಣ್ಣೀರು ಒರೆಸೋ ಕೆಲಸ.

ಕುಡ್ಲದ_ಮೀನು
ಮಾವನ ಆಪರೇಷನ್ ಬರೀಬಾರ್ದಾ ಹಾಗಾದ್ರೆ? ಅದು ನಿಜ ಅಲ್ವಾ?

ಕಾವೇರಿ_ಮೈಸೂರು
ಆಪರೇಷನ್ ಆಗಿದ್ದು ಮೇನಲ್ಲಿ. ಜುಲೈ 4ಕ್ಕೆ ಮಾವ ವಾಕಿಂಗ್ ಹೋಗ್ತಿದ್ರು. ನಿಜವಾದ ಕಾರಣ ಅಂದ್ರೆ, ಮೊದಲು ಫೋನು ನೆನಪಿಸ್ತಿತ್ತು. ಹೊಸ ಫೋನಿಗೆ ಹಳೇ ಕ್ಯಾಲೆಂಡರ್ ಬರಲಿಲ್ಲ. ಅಷ್ಟೇ.

ಶರಾವತಿ
ಹಾಗಾದ್ರೆ ಮಾವನ್ನ ಬಿಡಿ. ನಿಮ್ಮ ಗೆಳತಿಗೆ ಮೇನಲ್ಲಿ ಆಪರೇಷನ್ ಆಗಿದ್ದು ಗೊತ್ತಿರುತ್ತಲ್ಲ, ಲೆಕ್ಕ ಹಾಕೋಕೆ ಎಷ್ಟು ಹೊತ್ತು? ಫೋನಿನ ಕಾರಣವೂ ಬೇಡ. ಅವರು ನಿಮ್ಮ ತಾರೀಖನ್ನ ಫೋನಿನಿಂದ ನೆನಪಿಟ್ಕೊಂಡಿಲ್ಲ ಅಂತ ಅನ್ನಿಸುತ್ತೆ.

ಕುಡ್ಲದ_ಮೀನು
ನನಗೇನೋ ಒಂದು ಸಾಲು ಕಾರಣ ಇದ್ರೆ ಒಳ್ಳೇದು ಅನಿಸ್ತದೆ. ಕಾರಣವೇ ಇಲ್ಲದಿದ್ರೆ ಅವರು ತಲೆಯಲ್ಲಿ ಏನೇನೋ ಕಟ್ಕೊಳ್ತಾರೆ. ನನ್ನ ಮೇಲೆ ಕೋಪವಾ, ನಾನೇನಾದ್ರೂ ಹೇಳಿದೆನಾ ಅಂತ. ನಮ್ಮಲ್ಲಿ ಒಬ್ಬಳು ಹಾಗೇ ಅಂದ್ಕೊಂಡು ಆರು ತಿಂಗಳು ಮಾತು ಬಿಟ್ಟಿದ್ಳು.

ಸಂಪಿಗೆಮರ
ಕಾರಣ ಹೇಳೋದಾದರೆ ಕೊನೆಯಲ್ಲಿ, ಅವರು ಕೇಳಿದಾಗ, ಬಾಯಲ್ಲಿ. ಚೀಟಿಯಲ್ಲಿ ಕಾರಣ ಮೊದಲು ಬಂದರೆ ಕ್ಷಮೆ ಅದರ ಹಿಂದೆ ಬಾಲದ ಹಾಗೆ ಬರುತ್ತೆ. ಇದು ನನ್ನ ಅಭಿಪ್ರಾಯ, ನಿಮ್ಮದೂ ಇರಲಿ.

ನಾಗರಬಾವಿ_ನಿವಾಸಿ
ಇಷ್ಟೆಲ್ಲ ಯಾಕೆ, ಈಗಲೇ ಫೋನ್ ಮಾಡಿ "ಸಾರಿ ಕಣೇ" ಅಂದ್ರೆ ಮುಗೀತು. ಚೀಟಿ ಹೋಗೋಕೆ ಇನ್ನೂ ಮೂರು ದಿನ. ಹನ್ನೆರಡು ಹದಿನೈದಾಗುತ್ತೆ.

ಶರಾವತಿ
ಫೋನಲ್ಲಿ ಅವರು ಹೇಳೋದು ಒಂದೇ: "ಅಯ್ಯೋ ಬಿಡೇ, ಪರವಾಗಿಲ್ಲ". ನಾನೂ ಹಾಗೇ ಹೇಳಿದ್ದೆ. ಆ ಕ್ಷಣದಲ್ಲಿ ಬೇರೇನು ಹೇಳೋಕಾಗುತ್ತೆ? ಹೇಳಿದ ಮೇಲೆ ಬಾಗಿಲು ಮುಚ್ಚಿಹೋಗುತ್ತೆ, ಬೇಜಾರು ಒಳಗೇ ಉಳಿಯುತ್ತೆ. ಚೀಟಿಯಾದ್ರೆ ಅವರು ಒಬ್ಬರೇ ಕೂತು ಓದಬಹುದು, ಬೈಬೇಕು ಅನಿಸಿದ್ರೆ ಬೈಬಹುದು.

ನಾಗರಬಾವಿ_ನಿವಾಸಿ
ನನ್ನ ಗೆಳೆಯನಾಗಿದ್ರೆ ಚೀಟಿ ನೋಡಿ ಗಾಬರಿ ಆಗ್ತಿದ್ದ. ನಾವು ಫೋನಲ್ಲೇ ಬೈದಾಡ್ಕೊಂಡು ಸರಿ ಹೋಗ್ತೀವಿ. ಎಲ್ಲರಿಗೂ ಒಂದೇ ಔಷಧಿ ಅಲ್ಲ.

ಗಿರ್ಮಿಟ್_ಪ್ರಿಯ
ನಾ ಸೀರಿ ಬಗ್ಗೆ ಹೇಳ್ತೀನ್ರಿ ಅಕ್ಕಾರ, ಸಿಟ್ಟಾಗಬ್ಯಾಡ್ರಿ. "ಪ್ರಾಯಶ್ಚಿತ್ತವಾಗಿ ಈ ಸೀರೆ" ಅಂತ ಬರದೀರಿ. ಇಳಕಲ್ಲ ಸೀರಿ ಹತ್ತು ವರ್ಷ, ಹದಿನೈದು ವರ್ಷ ಉಡೋದು. ನಮ್ಮ ಅವ್ವನ ಸೀರಿ ಈಗ ನನ್ನ ಹೆಂಡ್ತಿ ಉಡ್ತಾಳ. ಪ್ರತಿ ಸಲ ಟ್ರಂಕಿನಿಂದ ತಗದಾಗ ನಿಮ್ಮ ಗೆಳತಿಗೆ "ಇದು ಆಕಿ ನನ್ನ ಹುಟ್ಟಿದಹಬ್ಬ ಮರತಿದ್ದಕ್ಕ ಕೊಟ್ಟದ್ದು" ಅಂತ ನೆನಪಾಗಬೇಕೇನ್ರಿ? ಸೀರಿ ಅಂದ್ರ ಹುಟ್ಟಿದಹಬ್ಬದ ಸೀರಿ. ತಪ್ಪಿನ ಮಾತು ಅದಕ್ಕ ಹಚ್ಚಬ್ಯಾಡ್ರಿ.

ನೆನಪಿನ_ಡಬ್ಬಿ
ಇಡೀ ಥ್ರೆಡ್ಡಿನಲ್ಲಿ ಇದೇ ಒಳ್ಳೇ ಮಾತು. ಹಾಗಾದ್ರೆ ಎರಡು ಕಾಗದ ಮಾಡಿ ಕಾವೇರಿ. ಕ್ಷಮೆಯ ಚೀಟಿ ಬೇರೆ ಕವರಿನಲ್ಲಿ, ಪೆಟ್ಟಿಗೆ ತೆಗೆದ ಕೂಡಲೇ ಮೇಲೇ ಸಿಗೋ ಹಾಗೆ. ಶುಭಾಶಯದ ಸಣ್ಣ ಕಾರ್ಡು ಸೀರೆಯ ಮಡಿಕೆಯೊಳಗೆ. ಕ್ಷಮೆಯ ಚೀಟಿಯಲ್ಲಿ ಸೀರೆಯ ಹೆಸರೇ ಬೇಡ, ಕಾರ್ಡಿನಲ್ಲಿ ಮರೆವಿನ ಹೆಸರೇ ಬೇಡ. ಚೀಟಿ ಓದಿ ಹರಿದು ಬಿಸಾಕಲಿ, ಕಾರ್ಡು ಸೀರೆ ಜೊತೆ ಉಳಿಯಲಿ.

ಆಮೇಲೆ ಫೋಟೋ ಕಳಿಸು ಅನ್ನೋದು ತೆಗೀರಿ. ಅದು ರಸೀದಿ ಕೇಳಿದ ಹಾಗಿದೆ.

ಗಿರ್ಮಿಟ್_ಪ್ರಿಯ
ಕಾರ್ಡಿನ್ಯಾಗ ಕೊಂಡಿ ಬಗ್ಗೆ ಬರೀರಿ. ಇಳಕಲ್ಲ ಸೀರಿಗೆ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡೂ ಎಳಿ ಒಂದರೊಳಗೊಂದು ಕೊಂಡಿ ಹಾಕಿ ಮಗ್ಗಕ್ಕ ಏರಸ್ತಾರ, ಒಂದೊಂದೇ ಎಳಿ, ಕೈಲೇ. "ನಮ್ಮ ಗೆಳೆತನ ಕೊಂಡಿ ಇದ್ದಂಗ" ಅಂತ ಬರದ್ರ ಛಲೋ ಆಕ್ಕೈತಿ.

ಸಂಪಿಗೆಮರ
ಕ್ಷಮೆಯ ಚೀಟಿಯಲ್ಲಿ ಉಪಮೆ ಬೇಡವೇ ಬೇಡ. ಕಾರ್ಡಿನಲ್ಲಿ ಆಗಬಹುದು. ಆದರೂ ಗೆಳೆತನ ಹಾಗೆ ಹೀಗೆ ಅಂತ ಬಿಡಿಸಿ ಹೇಳಬೇಡಿ. ಕೊಂಡಿ ಇರೋ ಜಾಗ ತೋರಿಸಿ ಸುಮ್ಮನಾಗಿ, ಟೀಚರ್ ಅಲ್ಲವೇ ಅವರು.

ಇನ್ನೊಂದು. "ಕ್ಷಮಿಸಿಬಿಡು" ಅಂದರೆ ಅವರಿಗೆ ಒಂದು ಕೆಲಸ ಹಚ್ಚಿದ ಹಾಗೆ, ಅದೂ ಬೇಗ ಮುಗಿಸು ಅಂತ. "ಕ್ಷಮೆ ಕೇಳ್ತೀನಿ" ಅಂದರೆ ನೀವು ಮಾಡಬೇಕಾದ್ದನ್ನ ನೀವು ಮಾಡಿದ ಹಾಗೆ. ಕೊಡೋದು ಬಿಡೋದು ಅವರದು.

ಅಂಚೆಯಣ್ಣ
ಜುಲೈನಲ್ಲಿ ಸಾಗರದ ಮಳೆ ಗೊತ್ತಲ್ಲ. ಇಂಕ್ ಪೆನ್ನು, ಜೆಲ್ ಪೆನ್ನು ಬೇಡ, ಒದ್ದೆಯಾದ್ರೆ ಅಕ್ಷರ ಹರಡುತ್ತೆ. ಬಾಲ್ ಪೆನ್ನಲ್ಲಿ ಬರೀರಿ. ಚೀಟಿ ಒಂದು ಪ್ಲಾಸ್ಟಿಕ್ ಕವರಿಗೆ, ಸೀರೆ ಇನ್ನೊಂದಕ್ಕೆ. ಸೀರೆ ಮೇಲೆ ಚೀಟಿ ನೇರ ಇಡಬೇಡಿ, ಕೆಂಪು ಸೆರಗು ನೆನೆದ್ರೆ ಕಾಗದಕ್ಕೆ ಹತ್ತಬಹುದು. ಶನಿವಾರ ಮಧ್ಯಾಹ್ನ ಬುಕ್ ಮಾಡಿದ್ರೆ ಭಾನುವಾರ ಎಲ್ಲೋ ಗೋಣಿಚೀಲದಲ್ಲೇ ಕೂತಿರುತ್ತೆ, ಅದಕ್ಕೆ ಮುಂಚೆ ಮಾಡಿ.

ಮಲ್ಲಿಗೆ_ಮೊಳ
ಸೀರೆಗೆ ಫಾಲ್ ಹಾಕಿಸಿದ್ರಾ? ಟೀಚರಿಗೆ ಪುರುಸೊತ್ತು ಎಲ್ಲಿರುತ್ತೆ, ಹಾಕಿಸಿಯೇ ಕಳಿಸಿ.

ಕಾವೇರಿ_ಮೈಸೂರು
ಎಲ್ಲರ ಮಾತು ಎರಡೆರಡು ಸಲ ಓದಿದೆ. ಫಾಲ್ ಇವತ್ತು ಸಂಜೆ ಸಿಗುತ್ತೆ. ಹೊಸ ಚೀಟಿ ಇದು. ಅವಳನ್ನ ನಾನು ಪುಟ್ಟಿ ಅಂತಲೇ ಕರೆಯೋದು.

"ಪುಟ್ಟೀ,
ಜುಲೈ 4 ನಿನ್ನ ಹುಟ್ಟುಹಬ್ಬ. ನಾನು ಮರೆತೆ. ಅವತ್ತು ಬೆಳಿಗ್ಗೆ ನಿನಗೆ ಮೆಸೇಜು ಮಾಡಿದ್ದೂ ನನ್ನ ಕೆಲಸಕ್ಕೆ. ನೀನು ಕ್ಲಾಸು ಬಿಟ್ಟು ಬಂದು ಎಲ್ಲ ಹೇಳಿದೆ, ಕೊನೇಲಿ ಮಕ್ಕಳು ನಿನಗೆ ವಿಶ್ ಮಾಡಿದ್ದು ಅದರಲ್ಲೇ ಇತ್ತು. ನಾನು ಅಲ್ಲೀತನಕ ಕೇಳಿಸ್ಕೊಳ್ಳಲಿಲ್ಲ. ಹದಿನೈದನೇ ತಾರೀಖು ಕೇಳಿಸ್ಕೊಂಡೆ.
ನಿನಗೆ ನೋವು ಮಾಡಿದೀನಿ. ಕ್ಷಮೆ ಕೇಳ್ತೀನಿ.
ಇದಕ್ಕೆ ಉತ್ತರ ಕೊಡಬೇಕು ಅಂತಿಲ್ಲ. ಭಾನುವಾರ ಸಂಜೆ ನಾನೇ ಫೋನ್ ಮಾಡ್ತೀನಿ. ಎತ್ತೋ ಮನಸ್ಸಿಲ್ಲದಿದ್ರೆ ಬಿಡು, ಮುಂದಿನ ಭಾನುವಾರ ಮತ್ತೆ ಮಾಡ್ತೀನಿ."

ಸೀರೆಯೊಳಗಿನ ಕಾರ್ಡು:

"ಪುಟ್ಟಿಗೆ 38. ಸೆರಗೂ ಒಡಲೂ ಸೇರೋ ಜಾಗದಲ್ಲಿ ಬೆರಳಾಡಿಸಿ ನೋಡು, ಕೊಂಡಿ ಸಿಗುತ್ತೆ. ಹಸಿರು ನಿನಗೆ ಚೆನ್ನಾಗಿ ಒಪ್ಪುತ್ತೆ."

ಸಂಪಿಗೆಮರ
ಇದರಲ್ಲಿ ನಾನು ತಿದ್ದೋದಕ್ಕೇನೂ ಇಲ್ಲ.

ಡಲ್ಲಾಸ್_ದೋಸೆ
ವಾಯ್ಸ್ ಮೆಸೇಜಿನ ವಿಷಯ ಬೇಡವಿತ್ತು ಅಂತ ಈಗಲೂ ನನ್ನ ಅನಿಸಿಕೆ. ಆದ್ರೆ ಮೊದಲನೇದಕ್ಕಿಂತ ಎಷ್ಟೋ ವಾಸಿ.

ಕುಡ್ಲದ_ಮೀನು
ಕಾರಣ ಹಾಕಿಲ್ಲ ನೀವು. ಭಾನುವಾರ ಅವರು ಕೇಳಿದ್ರೆ ಫೋನಿನ ಕ್ಯಾಲೆಂಡರ್ ವಿಷಯ ನೇರ ಹೇಳಿಬಿಡಿ, ಮಾವನ್ನ ತರಬೇಡಿ.

ಶರಾವತಿ
"ಮುಂದಿನ ಭಾನುವಾರ ಮತ್ತೆ ಮಾಡ್ತೀನಿ" ಅಂತ ಬರೆದಿದೀರಿ. ಅದನ್ನ ಮಾತ್ರ ಮರೀಬೇಡಿ ಕಾವೇರಿ. ಈಗಲೇ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ. ನನ್ನವಳು "ಈ ವಾರ ಬಂದು ನೋಡ್ತೀನಿ" ಅಂತ ಚೀಟಿಯಲ್ಲಿ ಬರೆದಿದ್ಲು. ಬರಲಿಲ್ಲ.

ಕಾವೇರಿ_ಮೈಸೂರು
ಬರೆದೆ. ಎರಡೂ ಭಾನುವಾರಕ್ಕೆ, ಮುಂದಿನ ವರ್ಷದ ಡೈರಿ ಬಂದ ಮೇಲೆ ಅದರಲ್ಲೂ ಬರೀತೀನಿ.

ಕಾವೇರಿ_ಮೈಸೂರು
ಭಾನುವಾರ ರಾತ್ರಿ ಬರೀತಿದೀನಿ. ಪಾರ್ಸಲ್ ಶನಿವಾರ ತಲುಪಿದೆ ಅಂತ ತೋರಿಸ್ತು. ಸಂಜೆ ಆರಕ್ಕೆ ಫೋನ್ ಮಾಡಿದೆ. ಎತ್ತಲಿಲ್ಲ. ಒಂಬತ್ತೂವರೆಗೆ ಒಂದು ಮೆಸೇಜು ಬಂತು: "ಫಾಲ್ ನೀನೇ ಹಾಕ್ಸಿದ್ಯಾ?" ಅಷ್ಟೇ. ನಾನು "ಹೂಂ" ಅಂದೆ. ಆಮೇಲೆ ಏನೂ ಬಂದಿಲ್ಲ.

ಮಲ್ಲಿಗೆ_ಮೊಳ
ಹೇಳಿದ್ನಲ್ಲ ಫಾಲ್ ಹಾಕ್ಸಿ ಅಂತ!

ನಾಗರಬಾವಿ_ನಿವಾಸಿ
ಇನ್ನೂ ಕೋಪ ಇದೆ ಅನ್ಸುತ್ತೆ. ಇನ್ನೊಂದು ಸಲ ಈಗಲೇ ಫೋನ್ ಮಾಡಿ.

ಶರಾವತಿ
ಬೇಡ. ಮುಂದಿನ ಭಾನುವಾರ ಅಂತ ಬರೆದಿದಾರೆ, ಮುಂದಿನ ಭಾನುವಾರವೇ ಮಾಡಲಿ.